ಎಡಕ್ಕೆ ಓಡಿಸಿದ ಅಲೆ

ಶಹಾಬಾದಿನ ಆ ಕಾಲೇಜಿನ ಸ್ಟಾಫ್ ರೂಮು ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ. ಮೂಲೆಯಲ್ಲಿ ಪಾನ್ ಉಗುಳಿದ ಕಲೆ, ಮೇಜಿನ ಮೇಲೆ ತಣ್ಣಗಾದ ಚಹಾದ ಜಿಡ್ಡು, ಅದರ ನಡುವೆ ನಮ್ಮ ಭೌತಶಾಸ್ತ್ರದ ಮುಖ್ಯಸ್ಥರು. ನಾನು ಹೊಸದಾಗಿ ಸೇರಿದ ಕಿರಿಯ ಉಪನ್ಯಾಸಕ. ಅವರು ವರ್ಷ ವರ್ಷವೂ ಅದೇ ನೋಟ್ಸನ್ನು ಹೇಳಿ ಬರೆಸುತ್ತಿದ್ದರು. ಹುಡುಗರು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಕಾರುತ್ತಿದ್ದರು. ಅದಕ್ಕೇ ಕಲಿಕೆ ಎಂದು ಹೆಸರು.

ಆ ನೋಟ್ಸಿನಲ್ಲಿ ಚಲಿಸುವ ಅಲೆಯ ಸಮೀಕರಣಕ್ಕೆ ಒಂದು ಸೂತ್ರವಿತ್ತು. ಸೈನ್ ಒಳಗೆ ಮೊದಲು ದೂರದ kx, ಆಮೇಲೆ ಮೈನಸ್ ಕಾಲದ ωt ಇದ್ದರೆ ಅಲೆ ಬಲಕ್ಕೆ. ಅಲ್ಲಿಯವರೆಗೆ ಸರಿ. ಆದರೆ ಅದನ್ನೇ ತಿರುಗಿಸಿ ωt ಮೈನಸ್ kx ಎಂದು ಬರೆದರೆ ಅಲೆಯೂ ತಿರುಗಿ ಎಡಕ್ಕೆ ಹೋಗುತ್ತದೆ ಎಂದು ಬರೆಸಿದ್ದರು. ತಿರುಗಿಸಿದಾಗ ಹೊರಗೊಂದು ಮೈನಸ್ ಬರುವುದು ನಿಜ. ಅದರಿಂದ ಉಬ್ಬಿದ್ದಲ್ಲಿ ತಗ್ಗು, ತಗ್ಗಿದ್ದಲ್ಲಿ ಉಬ್ಬು ಆಗುತ್ತದೆ, ಅಷ್ಟೇ. ಅಲೆ ಹೋಗುವ ದಿಕ್ಕು ಬದಲಾಗುವುದಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: y = 0.05 sin(40t − 8x), ಅಳತೆಯೆಲ್ಲ ಮೀಟರು, ಸೆಕೆಂಡುಗಳಲ್ಲಿ. ವೇಗವೆಷ್ಟು, ಯಾವ ದಿಕ್ಕು? ಇಡೀ ಕ್ಲಾಸು ಎಡಕ್ಕೆ ಎಂದು ಬರೆದಿತ್ತು. ನಾಲವಾರದಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ನಲವತ್ತನ್ನು ಎಂಟರಿಂದ ಭಾಗಿಸಿ ಸೆಕೆಂಡಿಗೆ ಐದು ಮೀಟರ್, ಬಲಕ್ಕೆ ಎಂದು ಬರೆದಿದ್ದಳು. ಮುಖ್ಯಸ್ಥರು ಪೂರ್ತಿ ಉತ್ತರಕ್ಕೆ ಸೊನ್ನೆ ಸುತ್ತಿದರು. ಅದೊಂದರಿಂದ ಅವಳು ಫೇಲಾದಳು. ಫೇಲಾದವರಿಗೆ ವಾರ್ಷಿಕ ಪರೀಕ್ಷೆಯ ಹಾಲ್ ಟಿಕೆಟ್ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಈ ವರ್ಷ ತಪ್ಪಿದರೆ ಕಾಲೇಜು ಬಂದ್ ಎಂದು ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ನಾನು ಸೀಮೆಸುಣ್ಣದ ತುಂಡು ತೆಗೆದುಕೊಂಡು ಸ್ಟಾಫ್ ರೂಮಿನ ಮೇಜಿನ ಮೇಲೆಯೇ ಬರೆದೆ. “ನೋಡ್ರಿ ಸರ್. t ಸೊನ್ನೆ ಇದ್ದಾಗ ಸೈನ್ ಒಳಗಿನದು ಸೊನ್ನೆ ಆಗೋದು x ಸೊನ್ನೆ ಇದ್ದಲ್ಲಿ. ಒಂದು ಸೆಕೆಂಡ್ ಆದಮ್ಯಾಲ ನಲವತ್ತು ಮೈನಸ್ ಎಂಟು x ಸೊನ್ನೆ ಆಗ್ಬೇಕಂದ್ರ x ಐದು. ಅಲಿ ಐದು ಮೀಟರ್ ಬಲಕ್ಕ ಹೋಯ್ತಲ್ರಿ?”

ಅವರು ಸುಣ್ಣದ ಗೆರೆಯನ್ನು ಅಂಗೈಯಿಂದ ಒರೆಸಿದರು. “ನಿನ್ನೆ ಮೊನ್ನೆ ಬಂದೀರಿ, ಸುಮ್ ಕುಂದ್ರಿ. ಇಡೀ ಕ್ಲಾಸು ಎಡಕ್ಕಂತದ. ಈಕಿ ಒಬ್ಬಾಕಿ ಭಾಳ ಶಾಣ್ಯಾಕಿ ಏನು?”

ಗಣಿತದವರು ಅಲ್ಲೇ ಕೂತಿದ್ದರು. ಒಂದೇ ನೋಟಕ್ಕೆ ಸರಿ ತಪ್ಪು ಹೇಳಬಲ್ಲವರು. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಚೀಪುತ್ತ ಕಿಟಕಿಯ ಹೊರಗೆ ನೋಡಿದರು.

ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಇತಿಹಾಸದವರು. “ಎಡಕ್ಕ ಹೋದ್ರೇನು, ಬಲಕ್ಕ ಹೋದ್ರೇನ್ರಿ? ದೊಡ್ಡವರ ಮರ್ಯಾದಿ ಉಳೀಬೇಕು” ಎಂದು ನ್ಯಾಯ ತೀರಿಸಿದರು. ಹುಡುಗಿ ಬೋರ್ಡಿನ ಮೇಲೆ ತಪ್ಪು ತಿದ್ದಿಕೊಂಡರೆ ಅಂಕ ಕೊಡಬಹುದಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ವರಾಂಡದಲ್ಲಿ ಅವಳಿಗೆ ವಿಷಯ ತಿಳಿಸಿದೆ. “ನೀ ಬರದದ್ದು ಸರಿ ಅದವಾ. ಮುಂದ ನಿನ್ನ ಇಷ್ಟ” ಎಂದೆ.

“ಗೊತ್ತದರಿ ಸರ್,” ಎಂದಳು. “ಹಾಲ್ ಟಿಕೆಟ್ ಕೈಗಿ ಬರ್ಲಿ. ಅವರಿಗಿ ಎಡ ಬೇಕಂದ್ರ ಎಡ.”

ಮರುದಿನ ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ಅದೇ ಸಮೀಕರಣ ಬರೆದು, ಕೆಳಗೆ ಎಡಕ್ಕೆ ಬಾಣ ಎಳೆದಳು. “ಜೋರಾಗಿ ಹೇಳವಾ,” ಅಂದರು ಮುಖ್ಯಸ್ಥರು. “ಎಡಕ್ಕರಿ ಸರ್,” ಎಂದಳು. ಅವರು ಅವಳ ತಲೆ ಸವರಿ, “ಹಿಂಗ ಇರ್ಬೇಕು ಹೆಣ್ಣುಮಕ್ಳು” ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಕಲಿಸಲು ಬಾರದ ಕೈ ಆ ತಲೆಯ ಮೇಲೆ ಓಡಾಡುವುದನ್ನು ನೋಡಿ ಅಸಹ್ಯವಾಯಿತು, ಇನ್ನೊಂದು ಕ್ಷಣ ಅಲ್ಲಿ ನಿಲ್ಲಲಾಗಲಿಲ್ಲ. ಸಂಜೆಯೊಳಗೆ ಅವಳಿಗೆ ಹಾಲ್ ಟಿಕೆಟ್ ಸಿಕ್ಕಿತು.

ವಾರ್ಷಿಕ ಪರೀಕ್ಷೆಯ ಪೇಪರು ತಿದ್ದುವವರು ಹೊರಗಿನವರು. ಅವರಿಗೆ ನಮ್ಮ ಮುಖ್ಯಸ್ಥರ ಮರ್ಯಾದೆ ಕಟ್ಟಿಕೊಂಡು ಏನಾಗಬೇಕು? ಉಳಿದ ಮಕ್ಕಳಾದರೂ ಬಚಾವಾಗಲಿ ಎಂದು ನನ್ನ ಪಿರಿಯಡ್ಡಿನಲ್ಲಿ ಅದೇ ಲೆಕ್ಕ ತೆಗೆದೆ. t ಹೆಚ್ಚಿದಂತೆ ಸೈನ್ ಒಳಗಿನ ಬೆಲೆ ಅಷ್ಟೇ ಉಳಿಯಬೇಕಾದರೆ x ಕೂಡ ಹೆಚ್ಚಲೇಬೇಕು, ಆದ್ದರಿಂದ ಬಲಕ್ಕೆ ಎಂದು ಬಿಡಿಸಿ ಹೇಳಿದೆ. ಯಾರೂ ಪೆನ್ನು ತೆಗೆಯಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದು ನಿಂತ.

“ಬಲಕ್ಕಂತ ಬರದಾಕಿ ಆಕಿ ಒಬ್ಬಾಕೀನೇ ಇದ್ಳು, ಸರ್. ಈಗ ಆಕೀನೇ ಎಡಕ್ಕಂದ್ಳಲ್ರಿ. ನಾವು ಎಡಕ್ಕೇ ಬರೀತೀವ್ರಿ.”