ಸೋತ ಪಾಠದ ಅರ್ಜಿ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ‘ಅರ್ಜಿ ಅಕ್ಕ’ ಎಂದು. ದರ್ಜಿಯ ಮಗಳು. ಅಪ್ಪ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅದೇ ಕೋಣೆಯ ಕಿಟಕಿ ಪಕ್ಕ, ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ ಕೂತು ಹೈಸ್ಕೂಲಿನ ದಿನಗಳಿಂದಲೂ ಊರಿಗೆಲ್ಲ ಅರ್ಜಿ ಬರೆದುಕೊಟ್ಟವಳು. ಸಂಬಳ ತಡವಾದ ಕಾವಲುಗಾರನಿಗೆ, ನಲ್ಲಿ ಕೆಟ್ಟುಹೋದ ವಠಾರಕ್ಕೆ, ರಜೆ ಬೇಕಾದ ಸೋಮಾರಿ ತಮ್ಮಂದಿರಿಗೆ. “ನನ್ನ ಮಗಳು ಬರೆದ್ರೆ ಕಲ್ಲೂ ಕರಗುತ್ತೆ” ಎಂದು ಅಪ್ಪ ಗಿರಾಕಿಗಳ ಅಳತೆ ತೆಗೆಯುತ್ತಲೇ ಕೊಚ್ಚಿಕೊಳ್ಳುತ್ತಿದ್ದ.

ಬಿ.ಎಡ್. ಮುಗಿದ ವರ್ಷ ಪೇಟೆಯ ಖಾಸಗಿ ಶಾಲೆಯೊಂದು ಗಣಿತದ ಶಿಕ್ಷಕರು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಹುದ್ದೆ ಒಂದೇ. ಸ್ವಹಸ್ತಾಕ್ಷರದ ಅರ್ಜಿ, ಅಂಕಪಟ್ಟಿಗಳ ನಕಲು, ಪರಿಚಯ ಹೇಳಬಲ್ಲ ಇಬ್ಬರ ಹೆಸರು ಕಳಿಸಬೇಕು. ಆಯ್ಕೆಯಾದವರಿಗೆ ಸಂದರ್ಶನ, ಜೊತೆಗೆ ಒಂದು ಮಾದರಿ ಪಾಠ. ಹೊಸಬರೂ ಬರೆಯಬಹುದು ಎಂದಿತ್ತು.

ಅವಳೂ ಬರೆಯಲು ಕೂತಳು, ಅವಳ ಗೆಳತಿಯೂ. ಗೆಳತಿಯನ್ನು ಕಾಲೇಜಿನಲ್ಲಿ ಎಲ್ಲರೂ ‘ಗುಬ್ಬಿ’ ಎನ್ನುತ್ತಿದ್ದರು. ಆಳು ಅಷ್ಟೇ ಇದ್ದಳು, ದನಿಯೂ ಅಷ್ಟೇ. ಗುಬ್ಬಿ ತನ್ನ ಕರಡು ಹಿಡಿದು ದರ್ಜಿಯ ಮನೆಗೇ ಬಂದಳು.

“ಒಂಚೂರು ಕಣ್ಣಾಡಿಸಿ ಕೊಡೆ. ನಂಗೆ ಬರೆಯೋಕೆ ಬರಲ್ಲ ಅಂತ ನಿಂಗೊತ್ತಲ್ಲ.”

ಅರ್ಜಿ ಅಕ್ಕ ಓದಿದಳು. ಬರವಣಿಗೆ ಎಡವಟ್ಟೇ. ಆದರೆ ನಡುವೆ ಒಂದು ಸಂಗತಿ ಇತ್ತು. ಅಭ್ಯಾಸ ಬೋಧನೆಯ ದಿನಗಳಲ್ಲಿ ಗುಬ್ಬಿ ಭಿನ್ನರಾಶಿ ಕಲಿಸಿದ್ದಳು. ಒಂದೇ ಅಳತೆಯ ಎರಡು ಕಾಗದದ ಪಟ್ಟಿ ತೆಗೆದು, ಒಂದನ್ನು ಮೂರು ಸಮಭಾಗ, ಇನ್ನೊಂದನ್ನು ನಾಲ್ಕು ಸಮಭಾಗ ಮಾಡಿ, “ಯಾವುದು ಜಾಸ್ತಿ?” ಎಂದು ಕೇಳಿದ್ದಳು. ಒಬ್ಬ ಹುಡುಗಿ ನಾಲ್ಕರ ಕಡೆಗೇ ಬೆರಳು ತೋರಿಸಿದಳು. ಎಷ್ಟು ಸಲ ಕೇಳಿದರೂ ಅದೇ. ಯಾಕೆ ಎಂದರೆ, “ಇಲ್ಲಿ ಚೂರು ಜಾಸ್ತಿ ಇದೆ ಮಿಸ್” ಎಂದಳು. ಮಗು ಎಣಿಸಿದ್ದು ಚೂರುಗಳನ್ನು, ಕೇಳಬೇಕಾಗಿದ್ದದ್ದು ಒಂದೊಂದು ಚೂರಿನ ಗಾತ್ರವನ್ನು. ‘ಆ ದಿನ ತಪ್ಪಿದ್ದು ಮಗು ಅಲ್ಲ, ನನ್ನ ಪ್ರಶ್ನೆ. ಆ ಪಾಠದಲ್ಲಿ ನಾನು ಸೋತೆ’ ಎಂದು ಗುಬ್ಬಿ ಬರೆದಿದ್ದಳು.

“ಅಯ್ಯೋ, ಸೋತ ಕಥೇನ ಯಾರಾದ್ರೂ ಅರ್ಜೀಲಿ ಬರೀತಾರೇನೆ? ಕೆಲಸ ಕೊಡೋರು ಹೆದರ್ಕೋತಾರೆ. ಇದನ್ನ ತೆಗಿ.”

ಮನಸ್ಸಿನಲ್ಲಿ ಕಪಟವಿರಲಿಲ್ಲ, ಆಗ. ಗುಬ್ಬಿ ತಲೆಯಾಡಿಸಿ ಅಲ್ಲೇ ಅಡ್ಡಗೆರೆ ಎಳೆದಳು. ಅರ್ಜಿ ಅಕ್ಕ ಆ ಜಾಗಕ್ಕೆ ಮಕ್ಕಳ ಸರ್ವತೋಮುಖ ಬೆಳವಣಿಗೆಯ ಬಗ್ಗೆ ನಾಲ್ಕು ನುಣುಪಾದ ಸಾಲು ಹೇಳಿಕೊಟ್ಟಳು.

ಮರುದಿನ ತನ್ನದನ್ನು ಬರೆಯುವಾಗ ಕೈ ಓಡಲಿಲ್ಲ. ವಿಳಾಸ, ವಿಷಯ, ವಿದ್ಯಾರ್ಹತೆ, ಅಡಕಗಳು, ಎಲ್ಲ ಮುತ್ತು ಪೋಣಿಸಿದ ಹಾಗೆ. ನಡುವೆ ಮಾತ್ರ ಖಾಲಿ ಖಾಲಿ. ಅವಳ ಪಾಠಗಳು ಎಲ್ಲೂ ಎಡವಿರಲಿಲ್ಲ, ಮೇಲ್ವಿಚಾರಕರು ಬೆನ್ನು ತಟ್ಟಿದ್ದರು. ಆದರೆ ಒಂದು ಮಗುವಿನ ಮುಖವೂ ನೆನಪಿಗೆ ಬರಲಿಲ್ಲ. ಹೇಗೂ ಗುಬ್ಬಿ ಆ ಪ್ಯಾರಾ ತೆಗೆದುಹಾಕಿದ್ದಾಳೆ, ಯಾರಿಗೂ ಬೇಡದ್ದು ತಾನೆ, ಎಂದುಕೊಂಡಳು. ಕಾಗದದ ಪಟ್ಟಿ, ಮೂರು, ನಾಲ್ಕು, ಆ ಹುಡುಗಿ ಎಲ್ಲ ಅವಳ ಅಂದದ ಅಕ್ಷರದಲ್ಲಿ ಹಾಳೆಗಿಳಿದವು. ಲಕೋಟೆ ಅಂಟಿಸಿ ಅಂದೇ ಅಂಚೆಗೆ ಹಾಕಿದಳು.

ಕರೆ ಬಂದದ್ದು ಅವಳಿಗೆ. ಗುಬ್ಬಿಗೆ ಬರಲಿಲ್ಲ.

ಸಂದರ್ಶನದ ಕೋಣೆಯಲ್ಲಿ ಹೆಡ್‌ಮಿಸ್ ಮತ್ತು ಆಡಳಿತ ಮಂಡಳಿಯ ಕಾರ್ಯದರ್ಶಿ ಕೂತಿದ್ದರು. ಮಾದರಿ ಪಾಠ ಚೆನ್ನಾಗಿಯೇ ನಡೆದಿತ್ತು. ಹೆಡ್‌ಮಿಸ್ ಅರ್ಜಿ ಮುಂದಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು.

“ಹೊಸಬರಿಗೆ ಅನುಭವ ಇರಲ್ಲ, ಎಲ್ಲರ ಅರ್ಜೀನೂ ಒಂದೇ ಥರ ಇರುತ್ತೆ. ಇದೊಂದು ಪ್ಯಾರಾ ನೋಡಿ ನಿಮ್ಮನ್ನ ಕರೆದೆ. ಆಮೇಲೆ ಆ ಹುಡುಗಿ ಏನಂದ್ಲು?”

ಅವಳಿಗೆ ಗೊತ್ತಿರಲಿಲ್ಲ. “ಅರ್ಥ ಆಯ್ತು ಮಿಸ್ ಅಂದ್ಲು ಮೇಡಂ” ಎಂದುಬಿಟ್ಟಳು. ಹೆಡ್‌ಮಿಸ್ ನಕ್ಕರು. ಆ ನಗು ಅವಳ ಎದೆಗೆ ಮುಳ್ಳಿನ ಹಾಗೆ ನಾಟಿತು.

ವಾರದೊಳಗೆ ನೇಮಕದ ಪತ್ರ ಬಂತು. ಅಪ್ಪ ಯಂತ್ರ ನಿಲ್ಲಿಸಿ ಬೀದಿಗೆಲ್ಲ ಹೇಳಿಬಂದ. ಗುಬ್ಬಿ ಓಡಿಬಂದು ತಬ್ಬಿಕೊಂಡಳು.

“ನಂಗೊತ್ತಿತ್ತು ಕಣೆ, ನಿನ್ನ ಬಿಟ್ಟು ಯಾರನ್ನ ತಗೋತಾರೆ! ನಂದೂ ನೀನೇ ತಿದ್ದಿದ್ದೆ, ಆದ್ರೂ ನನ್ನ ಹಣೆಬರಹ ನೆಟ್ಟಗಿರ್ಬೇಕಲ್ಲ.”

ಆ ತಬ್ಬುಗೆಯಲ್ಲಿ ಅವಳು ಮರದ ಕೊರಡಿನಂತೆ ನಿಂತಳು. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು: “ಆ ಚೂರು ಜಾಸ್ತಿ ಅಂದ ಹುಡುಗಿ... ಕೊನೆಗೆ ಏನಂದ್ಲೆ?”

“ಏನೂ ಅನ್ಲಿಲ್ಲ. ಗಂಟೆ ಹೊಡೀತು. ನಾಳೆ ಸರಿಯಾಗಿ ಕೇಳ್ತೀನಿ ಪುಟ್ಟಿ ಅಂದೆ. ಮರುದಿನ ಬಾಗಿಲಲ್ಲೇ ಕಾಯ್ತಾ ನಿಂತಿದ್ಲು, ‘ಈಗ ಕೇಳಿ’ ಅಂತ.” ಹೇಳುತ್ತ ಗುಬ್ಬಿಯ ಮುಖ ಅರಳಿತು.

ಆ ರಾತ್ರಿ ಅರ್ಜಿ ಅಕ್ಕನಿಗೆ ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, “ಜ್ವರ ಇಲ್ಲ, ಸಂತೋಷ ಜಾಸ್ತಿ ಆಗಿದೆ” ಎಂದಳು. ಸುಳ್ಳು ಬರೆದದ್ದಕ್ಕಿಂತ, ಗುಬ್ಬಿಯ ಕೈಯಿಂದಲೇ ಅದನ್ನು ಅಳಿಸಿಹಾಕಿಸಿದ್ದು ಹೆಚ್ಚು ಕೊರೆಯುತ್ತಿತ್ತು. ಇದ್ದಲ್ಲಿಯೇ ಇದ್ದಿದ್ದರೆ ಆ ಪ್ಯಾರಾ ಗುಬ್ಬಿಯನ್ನು ಆ ಕೋಣೆಗೆ ಕರೆದೊಯ್ಯುತ್ತಿತ್ತು.

ಕೆಲಸಕ್ಕೆ ಸೇರುವ ಮುನ್ನ ಅವಳು ಹೆಡ್‌ಮಿಸ್ ಎದುರು ಹೋಗಿ ನಿಂತಳು. ಮುಚ್ಚುಮರೆ ಇಲ್ಲದೆ ಹೇಳಿದಳು: “ಆ ಪಾಠ ನಂದಲ್ಲ ಮೇಡಂ. ನನ್ನ ಗೆಳತೀದು. ಅವಳೂ ಅರ್ಜಿ ಹಾಕಿದ್ಲು. ಅದನ್ನ ತೆಗಿ ಅಂದಿದ್ದೂ ನಾನೇ, ಆ ಜಾಗಕ್ಕೆ ಬೇರೆ ಸಾಲು ಹೇಳಿಕೊಟ್ಟಿದ್ದೂ ನಾನೇ.”

ಹೆಡ್‌ಮಿಸ್ ಕಪಾಟಿನಿಂದ ಕಡತ ತೆಗೆಸಿ ಗುಬ್ಬಿಯ ಅರ್ಜಿ ಹುಡುಕಿ ಓದಿದರು.

“ಇದ್ರಲ್ಲಿ ಅವಳೇ ಇಲ್ಲವಲ್ಲಮ್ಮ. ಬರೀ ನೀನೇ ಇದ್ದೀಯ.”

ಬೈದಿದ್ದರೆ ಹಗುರವಾಗುತ್ತಿತ್ತು.

“ನೀನು ಪಾಠ ಚೆನ್ನಾಗೇ ಮಾಡ್ತೀಯ” ಎಂದರು ಹೆಡ್‌ಮಿಸ್. “ಆದ್ರೆ ನಾನು ಕಾರ್ಯದರ್ಶಿಗೆ ಹೇಳ್ಬೇಕು. ಅವರು ಒಪ್ಪಲ್ಲ. ನಾನೂ ಒಪ್ಪಲ್ಲ.”

ನೇಮಕ ರದ್ದಾಯಿತು. ಗುಬ್ಬಿಯನ್ನು ಸಂದರ್ಶನಕ್ಕೆ ಕರೆದರು, ಮಾದರಿ ಪಾಠ ನೋಡಿದರು, ತೆಗೆದುಕೊಂಡರು. ಅಷ್ಟರಲ್ಲಿ ಅವಳೇ ಗುಬ್ಬಿಯ ಮನೆಗೆ ಹೋಗಿ ಎಲ್ಲ ಹೇಳಿದ್ದಳು. ಗುಬ್ಬಿ ಅಳಲಿಲ್ಲ, ಕೂಗಾಡಲಿಲ್ಲ.

“ಕದ್ದಿದ್ದು ಬಿಡು. ಸೋತ ಕಥೆ ಅಂದ್ಯಲ್ಲ, ನಾನು ನಂಬಿದ್ದೆ ಕಣೆ. ನಂಗೆ ಕಲಿಸೋಕೇ ಬರಲ್ಲ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ.”

ಇಷ್ಟೇ ಅಂದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಆದರೆ ಬಾ ಎಂದೂ ಅನ್ನಲಿಲ್ಲ.

ಅಪ್ಪ ಬೀದಿಗೆ ಏನು ಹೇಳಿದನೋ, ಅವಳು ಕೇಳಲಿಲ್ಲ. ಕೆಲವು ತಿಂಗಳು ಅವನು ಗಿರಾಕಿಗಳ ಮುಂದೆ ಮಗಳ ಮಾತೆತ್ತಲಿಲ್ಲ. ಮರುವರ್ಷ ಪೇಟೆಯಾಚೆಯ ಒಂದು ಸಣ್ಣ ಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಆ ಅರ್ಜಿ ಅರ್ಧ ಪುಟವೂ ಇರಲಿಲ್ಲ. ಹಿಂದೆ ಒಂದು ನೇಮಕ ರದ್ದಾಗಿದೆ, ಕಾರಣ ಮುಖತಃ ಹೇಳುತ್ತೇನೆ ಎಂದು ಬರೆದಿದ್ದಳು. ಅಲ್ಲಿ ಹೇಳಿದಳು ಕೂಡ.

ಎಷ್ಟೋ ವರ್ಷಗಳ ಮೇಲೆ ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಇಬ್ಬರೂ ಎದುರಾದರು. ಗುಬ್ಬಿಗೆ ಕನ್ನಡಕ ಬಂದಿತ್ತು. “ಚೆನ್ನಾಗಿದ್ದೀಯಾ?” ಎಂದಳು. “ಇದ್ದೀನಿ” ಎಂದಳು ಅರ್ಜಿ ಅಕ್ಕ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಕೂತು ಉಂಡರು. ತರಗತಿಯ ತಂಟೆಕೋರರ ಬಗ್ಗೆ ಮಾತಾಡಿ ನಕ್ಕರು. ಹೊರಡುವಾಗ ಅರ್ಜಿ ಅಕ್ಕ ಆ ಹಳೆಯ ಅರ್ಜಿಯ ಬಗ್ಗೆ ಏನೋ ಹೇಳಲು ಬಾಯಿ ತೆರೆದಳು. ಗುಬ್ಬಿ ಮೆಲ್ಲಗೆ ಅವಳ ಕೈ ತಟ್ಟಿ, “ಬಸ್ಸಿಗೆ ಹೊತ್ತಾಯ್ತು, ಬರ್ತೀನಿ” ಎಂದು ಹೊರಟಳು.