‘ಡಿಯರ್ ಕೆ’

ಮಧುಮತಿ ಸುದ್ದಗುಂಟೆಪಾಳ್ಯದ ಒಂದು ರೂಮಿನ ಮನೆಯಿಂದ ನಡ್ಕೊಂಡೇ ಬಿಟಿಎಂನ ನಮ್ಮ ಆಫೀಸಿಗೆ ಬರ್ತಿದ್ದಳು. ಕಂಪನಿಗಳಿಗೆ ಜನ ಹುಡುಕಿಕೊಡೋದು ನಮ್ಮ ಕೆಲಸ. ಅವಳ ಊರು ಬಾಗಲಕೋಟೆ ಕಡೆ. ಅವಳ ಪದ್ಧತಿ ಒಂದೇ: ಮೊದಲು ಫೋನು, ಆಮೇಲೆ ಇಂಟರ್ನೆಟ್ಟು. ‘ಊಟ ಆತೇನ್ರಿ?’ ಅಂತ ಕೇಳದೆ ಯಾರಿಗೂ ಕೆಲಸದ ಮಾತೆತ್ತಿದವಳಲ್ಲ. ಪಕ್ಕದ ಟೇಬಲ್ಲಲ್ಲಿ ಕೂತು ನಾಲ್ಕು ವರ್ಷ ಕೇಳಿ ಕೇಳಿ ನನಗೂ ಬಾಯಿಪಾಠ ಆಗಿಬಿಟ್ಟಿತ್ತು.

2009. ಎಲ್ಲಾ ಕಡೆ ನೇಮಕಾತಿ ನಿಂತುಹೋಗಿತ್ತು, ಮುಂದಿನ ತಿಂಗಳು ನಮ್ಮಲ್ಲೇ ಯಾರು ಉಳೀತಾರೋ ಗೊತ್ತಿರಲಿಲ್ಲ. ಮಧುಮತಿಗೆ ಮಾತ್ರ ಒಂದು ಆಸೆ ಇತ್ತು. ಜಯನಗರದ ಕಂಪನಿಯೊಂದರ ಎಚ್.ಆರ್. ಮ್ಯಾನೇಜರ್ ಕೆ. ಜಯಸಿಂಹ ಅವರು ಫೋನಿನಲ್ಲಿ, “ನಮ್ಮಲ್ಲೇ ಒಂದು ಜಾಗ ಇದೆ ಅಮ್ಮ, ನಿಮ್ಮ ಹೆಸರು ಮೇಲಕ್ಕೆ ಕಳಿಸ್ತೀನಿ” ಅಂದಿದ್ದರು.

ಅಷ್ಟರಲ್ಲಿ ನಮ್ಮ ಬಾಸ್ ಶ್ರೀಕರ್ ಎಲ್ಲಿಂದಲೋ ಒಂದು ಸಾಫ್ಟ್‌ವೇರ್ ತಂದ. ಉದ್ಯೋಗಸ್ಥರೆಲ್ಲ ಇಂಟರ್ನೆಟ್ಟಿನಲ್ಲಿ ಸೇರೋ ಸೈಟ್ ಒಂದಿದೆಯಲ್ಲ, ಅದರಲ್ಲಿ ಹುಡುಕಿದಾಗ ಸಿಕ್ಕ ಹೆಸರಿಗೆಲ್ಲ ‘ನನ್ನನ್ನು ಪರಿಚಯದವರ ಪಟ್ಟಿಗೆ ಸೇರಿಸ್ಕೊಳ್ಳಿ’ ಅನ್ನೋ ಕೋರಿಕೆಯನ್ನ ಅದು ತಾನಾಗೇ ಕಳಿಸುತ್ತಂತೆ. “ಒಬ್ಬೊಬ್ಬರಿಗೆ ಐನೂರು ಪರಿಚಯ ಬೇಕು ಗುರು, ಪಾಸ್‌ವರ್ಡ್ ಕೊಡಿ ಎಲ್ಲರೂ” ಅಂದ. ಕೊಟ್ವಿ. ಸುಸ್ತಾದವರು ಎಲ್ಲಾ ಕೊಡ್ತಾರೆ. ಥೂ, ನಮ್ಮ ಬುದ್ಧಿಗಿಷ್ಟು.

ಎರಡೇ ದಿನದಲ್ಲಿ ಮಧುಮತಿ ಹೆಸರಲ್ಲಿ ಎಂಟುನೂರು ಕೋರಿಕೆ ಹೋಗಿತ್ತು, ಎಲ್ಲಕ್ಕೂ ಒಂದೇ ಒಕ್ಕಣೆ: ‘ನಾವಿಬ್ಬರೂ ಜೊತೆಗೆ ಕೆಲಸ ಮಾಡಿದ್ದೇವೆ.’ ನಮ್ಮ ಕಡೆಯವರು ಹೆಸರಿನ ಜಾಗದಲ್ಲಿ ಮೊದಲು ಇನಿಷಿಯಲ್ ಬರೀತಾರಲ್ಲ, ಆ ಯಂತ್ರ ಅದನ್ನೇ ಹೆಸರು ಅಂದ್ಕೊಂಡು ‘ಡಿಯರ್ ಕೆ’, ‘ಡಿಯರ್ ಎಸ್’ ಅಂತ ಕಳಿಸಿತ್ತು. ಕೋರಿಕೆ ಬಂದವರು ‘ಇವರು ನನಗೆ ಗೊತ್ತಿಲ್ಲ’ ಅನ್ನೋ ಬಟನ್ ಒತ್ತಬಹುದಿತ್ತು. ಅಂಥ ಐದಾರು ಸಾಕು, ಸೈಟಿನವರು ಕೈ ಕಟ್ಟಿಹಾಕ್ತಾರೆ. ಇವಳಿಗೆ ಒತ್ತಿದವರೆಷ್ಟೋ! ಮೂರನೇ ದಿನ ಅಕೌಂಟಿಗೆ ನಿರ್ಬಂಧ ಬಿತ್ತು. ಇನ್ಮೇಲೆ ಇಮೇಲ್ ವಿಳಾಸ ಗೊತ್ತಿಲ್ಲದೆ ಒಬ್ಬರಿಗೂ ಕೋರಿಕೆ ಕಳಿಸೋಹಾಗಿಲ್ಲ.

“ಎಲ್ಲರಿಗೂ ಆಗುತ್ತೆ ಬಿಡಿ” ಅಂದ ಶ್ರೀಕರ್. ನನಗೆ ಮೈಯೆಲ್ಲಾ ಉರಿದುಹೋಯ್ತು.

ಮಧುಮತಿ ಜಯಸಿಂಹ ಅವರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನನಗೂ ಕೇಳಿಸ್ತಿತ್ತು.

“ಊಟ ಆತೇನ್ರಿ ಸರ?”

“ಆಯ್ತಮ್ಮ. ಆ ‘ಡಿಯರ್ ಕೆ’ ಕಳಿಸಿದ್ದು ನೀವೇನಾ? ಯಾರೋ ನಿಮ್ಮ ಹೆಸರಿಟ್ಕೊಂಡು ಆಟ ಆಡ್ತಿದ್ದಾರೆ ಅಂತ ನಾನೇ ‘ಗೊತ್ತಿಲ್ಲ’ ಒತ್ತಿಬಿಟ್ಟೆ.”

“ನಾ ಅಲ್ರಿ ಸರ, ಆಫೀಸಿನ್ಯಾಗ ಒಂದು ಸಾಫ್ಟ್‌ವೇರ್...”

“ನಂಬ್ತೀನಮ್ಮ. ಆದ್ರೆ ನಮ್ಮ ಆಫೀಸಲ್ಲಿ ಹದಿನೇಳು ಜನಕ್ಕೆ ಬಂದಿದೆ, ನಮ್ಮ ಡೈರೆಕ್ಟರಿಗೂ. ನಿಮ್ಮ ಹೆಸರು ಹೇಳಿದ್ರೆ ನಗ್ತಾರೆ. ಈಗ ನಾನು ಮೇಲಕ್ಕೆ ಹೇಗೆ ಕಳಿಸ್ಲಿ, ಹೇಳಿ?”

ಅವಳು “ಆತ್ರಿ ಸರ” ಅಂದು ಫೋನಿಟ್ಟಳು. ಅಳಲಿಲ್ಲ. ಅತ್ತಿದ್ರೆ ನನಗೇ ಸಮಾಧಾನ ಆಗ್ತಿತ್ತೇನೋ.

ಆಮೇಲೆ ಆ ನಿರ್ಬಂಧ ಬಿದ್ದ ಅಕೌಂಟ್ ತೆರೆದಳು. ಮುಂದುವರಿಯೋಕೆ ಮುಂಚೆ ಸೈಟಿನವರಿಗೆ ಒಂದು ಮಾತು ಕೊಡಬೇಕಿತ್ತು. ‘ನನಗೆ ಗೊತ್ತಿರುವವರಿಗೆ ಮಾತ್ರ ಕೋರಿಕೆ ಕಳಿಸುತ್ತೇನೆ’ ಅನ್ನೋದರ ಪಕ್ಕ ಒಂದು ಖಾಲಿ ಚೌಕ.

“ಅಕ್ಕಾ,” ಅಂದಳು ನನ್ನ ಕಡೆ ತಿರುಗಿ, “ನಾಕು ವರ್ಷ ನಾ ಮಾಡಿದ್ದು ಬ್ಯಾರೆ ಏನೈತಿ?”

ಅವಳು ಟಿಕ್ ಹಾಕಿದಳು.