ವೈನಿಯ ಬೆರಳಿಗೆ ಒಪ್ಪಿದ ಕೀಲಿಮಣೆ

ಖಾನಾಪುರದ ಕಚೇರಿ ಬಾಜೂಕಿನ ಅಂಗಡಿಯಲ್ಲಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅರ್ಜಿ ಟೈಪ್ ಮಾಡುತ್ತಾರೆ. ಅವರ ಹಳೆಯ ಕಂಪ್ಯೂಟರಿಗೆ ಅನಗೋಳದ ನನ್ನ ಗೆಳೆಯ ಲಿನಕ್ಸ್ ಹಾಕಿ, ಪರದೆಯ ಭಾಷೆಯನ್ನೂ ಕನ್ನಡಕ್ಕೆ ಬದಲಾಯಿಸಿ ಬೀಗುತ್ತ ನಿಂತಿದ್ದ. ಎದುರಿಗೆ ಜಾಂಬೋಟಿಯ ಅಜ್ಜಿಯೊಬ್ಬಳು ಕೂತಿದ್ದಳು. ಕಚೇರಿ ಬಾಗಿಲು ಹಾಕುವುದರೊಳಗೆ ಆಕೆಯ ಅರ್ಜಿ ಒಳಗೆ ಹೋಗಬೇಕಿತ್ತು.

ವೈನಿ ‘ಖಾನಾಪುರ’ ಎಂದು ಒತ್ತಿದರು. ‘ಖ’ ಸರಿಯಾಗಿಯೇ ಬಂತು. ಆಮೇಲೆ ಬಂದದ್ದು ‘ಓಲಓಜಹೀ’.

“ಏನ್ರೀ ಇದು? ಕನ್ನಡ ಹಾಕೇನಿ ಅಂದ್ರಿ!”

“ಹಾಕೇನಲ್ರೀ, ಮೆನು ಎಲ್ಲಾ ಕನ್ನಡದಾಗ ಐತಿ ನೋಡ್ರಿ.”

“ಮೆನು ಬಂದು ಅಜ್ಜಿ ಅರ್ಜಿ ಬರೀತೈತೇನ್ರೀ?”

“ನನ್ನ ಬಸ್ ಹೋದ್ರ ನಿಮ್ಮನ್ಯಾಗ ಮಲಗಾಕಿ ನಾ,” ಎಂದಳು ಅಜ್ಜಿ.

ಗೆಳೆಯ ಸೆಟ್ಟಿಂಗ್ ತೆರೆದು ನೋಡಿದ. ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿತ್ತು. ವೈನಿಯ ಬೆರಳು ಕಲಿತದ್ದು ಕಗಪ ವಿನ್ಯಾಸ; ಎರಡರಲ್ಲೂ ಅಕ್ಷರ ಕೂರುವ ಕೀಲಿಗಳೇ ಬೇರೆ. ಪಟ್ಟಿಯಿಂದ ಅದನ್ನು ಸೇರಿಸಿ ಆರಿಸಿದ. ವೈನಿ ಮತ್ತೆ ಒತ್ತಿದರೆ ‘ಖಾನಾಪುರ’ ನೆಟ್ಟಗೆ ಮೂಡಿತು. ಉಳಿದ ಅರ್ಜಿ ಮಾತಾಡಿದಷ್ಟು ಸಲೀಸಾಗಿ ಮುಗಿಯಿತು.

ಪ್ರಿಂಟ್ ತೆಗೆಯುವಾಗ ಮಾತ್ರ ವೈನಿ ಕನ್ನಡದ ಮೆನುವಿನಲ್ಲಿ ತಡವರಿಸಿದರು.

“ಇದನ್ನ ಇಂಗ್ಲಿಷಿಗೇ ಹಾಕಿ ಹೋಗ್ರಿ. ಪ್ರಿಂಟ್ ಎಲ್ಲೈತಿ ಅಂತ ಹುಡುಕೂದ್ರಾಗ ಅಜ್ಜಿ ಬಸ್ ಹೋಗ್ತೈತಿ.”

ಗೆಳೆಯ ತಾನೇ ಪ್ರಿಂಟ್ ಹುಡುಕಿ ಒತ್ತಿದ. ಅಜ್ಜಿ ಬಿಸಿ ಕಾಗದ ಕಸಿದುಕೊಂಡು ಕಚೇರಿಯತ್ತ ನಡೆದಳು.